ಟಿವಿಯನ್ನು ರಿಮೋಟಿನಿಂದಲೇ ಆರಿಸಿ

ನಮ್ಮ ಕಡೆ ಮಲಗುವ ಮುಂಚೆ ಟಿವಿಯ ಸ್ವಿಚ್ಚನ್ನು ಬೋರ್ಡಿನಲ್ಲೇ ಬಂದ್ ಮಾಡುವುದು ರೂಢಿ. ಸಿಡಿಲಿನ ಅಂಜಿಕೆ, ವೋಲ್ಟೇಜಿನ ಏರಿಳಿತ, ಬಿಲ್ಲಿನ ಚಿಂತೆ, ಇವೆಲ್ಲ ಸೇರಿ ಬೆಳೆದ ರೂಢಿ ಅದು. ಹಳೆಯ ಟಿವಿಗಳಿಗೆ ಇದರಿಂದ ಏನೂ ತೊಂದರೆ ಇರಲಿಲ್ಲ. ಆದರೆ ಗದಗ-ಬೆಟಗೇರಿಯಿಂದ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿವರೆಗೆ ಟಿವಿ ರಿಪೇರಿಗೆ ಓಡಾಡುತ್ತ ನಾನು ಕಂಡುಕೊಂಡದ್ದು, ಓಎಲ್‌ಇಡಿ ಪರದೆಗೆ ಈ ರೂಢಿ ಒಗ್ಗುವುದಿಲ್ಲ.

ಓಎಲ್‌ಇಡಿಯಲ್ಲಿ ಹಿಂದಿನಿಂದ ಬೆಳಕು ಕೊಡುವ ದೀಪಗಳಿಲ್ಲ. ಒಂದೊಂದು ಪಿಕ್ಸೆಲ್ಲೂ ತಾನೇ ಉರಿಯುತ್ತದೆ, ಉರಿದಷ್ಟೂ ಸವೆಯುತ್ತದೆ. ಚಾನೆಲ್ಲಿನ ಲೋಗೊ, ಕೆಳಗಿನ ಸುದ್ದಿಪಟ್ಟಿ ದಿನವಿಡೀ ಒಂದೇ ಜಾಗದಲ್ಲಿ ನಿಂತರೆ ಅಲ್ಲಿನ ಪಿಕ್ಸೆಲ್ಲುಗಳು ಅಕ್ಕಪಕ್ಕದವಕ್ಕಿಂತ ಮೊದಲೇ ಮಂಕಾಗುತ್ತವೆ. ಇದನ್ನು ಸರಿದೂಗಿಸುವ ಏರ್ಪಾಡು ಟಿವಿಯೊಳಗೇ ಇದೆ. ಒಟ್ಟು ನಾಲ್ಕು ತಾಸಿನಷ್ಟು ನೋಡಿದ ಮೇಲೆ ರಿಮೋಟಿನಿಂದ ಆರಿಸಿದರೆ, ಪರದೆ ಕಪ್ಪಾಗಿದ್ದರೂ ಒಳಗೆ ಕೆಲವು ನಿಮಿಷ ಆ ಕೆಲಸ ನಡೆಯುತ್ತದೆ. ಬೋರ್ಡಿನಲ್ಲಿ ಕರೆಂಟ್ ತೆಗೆದರೆ ಅದು ನಡೆಯುವುದೇ ಇಲ್ಲ.

ಮುಂಡರಗಿಯ ಒಂದು ಮನೆಯದು ಇದಕ್ಕೆ ಸರಿಯಾದ ಉದಾಹರಣೆ. ಟಿವಿ ಕೊಂಡು ಎರಡು ವರ್ಷ ದಾಟಿತ್ತು. "ಸಿನಿಮಾದಾಗ ಕೆಂಪು ಸೀರಿ ಬಂದ್ರ ಕೆಳಗ ಪಟ್ಟಿ ಕಾಣಸ್ತದರಿ, ಒರಿಸಿದ್ರ ಹೋಗವಲ್ದು," ಎಂದರು ಮನೆಯವರು. ಅಲ್ಲಿನ ಅಜ್ಜಾರು ಬೆಳಿಗ್ಗೆಯಿಂದ ರಾತ್ರಿವರೆಗೆ ಒಂದೇ ಸುದ್ದಿ ಚಾನೆಲ್ ನೋಡುತ್ತಿದ್ದರು. ಪಡಸಾಲೆಯ ಬಾಗಿಲು ಸದಾ ತೆರೆದಿರುವುದರಿಂದ ಬಿಸಿಲಿಗೆ ಸರಿಯಾಗಿ ಕಾಣಲೆಂದು Vivid ಮೋಡ್, ಬೆಳಕು ಪೂರ್ತಿ 100. ರಾತ್ರಿ ಬೋರ್ಡ್ ಬಂದ್.

ಕೋಣೆ ಕತ್ತಲೆ ಮಾಡಿಸಿ, ಪರದೆ ತುಂಬ ಬೂದು, ಕೆಂಪು, ಹಸಿರು, ನೀಲಿ ಬಣ್ಣಗಳನ್ನು ಒಂದೊಂದಾಗಿ ಹಾಕಿ ನೋಡಿದೆ. ಬೂದು ಬಣ್ಣದಲ್ಲಿ ಲೋಗೊದ ನೆರಳು ತಿಳಿಯಾಗಿ ಕಾಣುತ್ತಿತ್ತು. ಕೆಂಪಿನಲ್ಲಿ ಮಾತ್ರ ಕೆಳಗಿನ ಪಟ್ಟಿ ಗೆರೆ ಕೊರೆದಂತೆ ಎದ್ದು ಕಂಡಿತು. ಆ ಟಿವಿಯದು ಬಿಳಿ ಬೆಳಕಿನ ಮುಂದೆ ಬಣ್ಣದ ಫಿಲ್ಟರ್ ಇಟ್ಟ ಪ್ಯಾನೆಲ್. ಇಂಥದರಲ್ಲಿ ಕೆಂಪು ಫಿಲ್ಟರ್ ಬಹುಪಾಲು ಬೆಳಕನ್ನು ತಡೆಯುವುದರಿಂದ ಕೆಂಪು ತೋರಿಸಲು ಪಿಕ್ಸೆಲ್ ಹೆಚ್ಚು ದುಡಿಯಬೇಕು. ಸುದ್ದಿವಾಹಿನಿಗಳಿಗೋ ಕೆಂಪು ಪಟ್ಟಿಯೆಂದರೆ ಬಲು ಪ್ರೀತಿ.

ತಾತ್ಕಾಲಿಕ ನೆರಳಾದರೆ ಬೇರೆ ಬೇರೆ ಚಿತ್ರ ಓಡಿಸಿದಾಗ, ಇಲ್ಲವೇ ಸ್ವಲ್ಪ ಹೊತ್ತು ಆರಿಸಿಟ್ಟಾಗ ಅಳಿಸಿಹೋಗುತ್ತದೆ. ಕಾಯಂ ಗುರುತು ಹೋಗದು. ಇಲ್ಲಿರುವುದು ಯಾವುದೆಂದು ತಿಳಿಯಲು ಮೆನುವಿನಿಂದ Pixel Cleaning ಒಮ್ಮೆ ಓಡಿಸಿದೆ. ಸುಮಾರು ಒಂದು ತಾಸು ಬೇಕು. ನಡುವೆ ಪರದೆಯ ಮೇಲೆ ಗೆರೆ ಬಂದರೆ ಗಾಬರಿಯಾಗಬಾರದು, ಕರೆಂಟ್ ತೆಗೆಯಬಾರದು. ಮುಗಿದ ಮೇಲೆ ಲೋಗೊದ ನೆರಳು ಹೋಗಿತ್ತು. ಕೆಂಪಿನ ಪಟ್ಟಿ ಹಾಗೇ ಉಳಿಯಿತು. ಅದು ಸವೆತ, ಅದಕ್ಕೆ ಪ್ಯಾನೆಲ್ ಬದಲಿಸುವುದೊಂದೇ ದಾರಿ. ಈ ಶುದ್ಧಿಯನ್ನು ವಾರವಾರ ಮಾಡುವವರೂ ಇದ್ದಾರೆ, ಬೇಡ. ಗುರುತು ಕಂಡಾಗ ಮಾತ್ರ ಸಾಕು.

ಉಳಿದದ್ದನ್ನಾದರೂ ಕಾಯಬೇಕಿತ್ತು. ಎಲ್‌ಜಿಯ ಕೆಲವು ಟಿವಿಗಳಲ್ಲಿ Support, OLED Care, OLED Panel Care ಎಂಬ ದಾರಿಯಲ್ಲಿ ಹೋದರೆ Screen Move, Adjust Logo Brightness ಸಿಗುತ್ತವೆ. ಬೇರೆ ಕಂಪನಿಗಳಲ್ಲಿ ಮೊದಲನೆಯದಕ್ಕೆ Pixel Shift ಎನ್ನುತ್ತಾರೆ. ಚಿತ್ರವನ್ನು ಆಗಾಗ ಕೆಲವೇ ಪಿಕ್ಸೆಲ್ ಸರಿಸುವುದರಿಂದ ಅದು ಅಕ್ಷರದ ಅಂಚನ್ನು ಮಸುಕಾಗಿಸೀತೇ ಹೊರತು ಅಗಲವಾದ ಪಟ್ಟಿಯನ್ನು ಉಳಿಸಲಾರದು. ಲೋಗೊ ಮಂಕಾಗಿಸುವ ಸೌಲಭ್ಯವೂ ಓಡುವ ಸುದ್ದಿಪಟ್ಟಿಯನ್ನು ಎಲ್ಲ ಸಲ ಗುರುತಿಸುವುದಿಲ್ಲ. ಎರಡನ್ನೂ ಆನ್ ಇಟ್ಟೆ, ಆದರೆ ಭರವಸೆ ಇಟ್ಟದ್ದು ಬೆಳಕು ಇಳಿಸುವುದರ ಮೇಲೆ. Cinema ಮೋಡಿಗೆ ಬದಲಿಸಿ OLED Pixel Brightness ಅನ್ನು 45ಕ್ಕೆ ತಂದೆ, ಬಾಗಿಲಿಗೆ ಪರದೆ ಹಾಕಿಸಿದೆ. ಕೆನಡಾದ RTINGS ಸಂಸ್ಥೆ 2018ರಲ್ಲಿ ಒಂದೇ ಮಾದರಿಯ ಆರು ಓಎಲ್‌ಇಡಿ ಟಿವಿಗಳನ್ನು ದಿನಕ್ಕೆ 20 ತಾಸು ಓಡಿಸಿ ಪರೀಕ್ಷಿಸತೊಡಗಿದಾಗಲೂ, ಒಂದೇ ಸುದ್ದಿ ಚಾನೆಲ್ಲನ್ನು ಪೂರ್ತಿ ಬೆಳಕಿನಲ್ಲಿ ನೋಡಿದ ಟಿವಿ, ಬೆಳಕು ಇಳಿಸಿದ್ದಕ್ಕಿಂತ ಬೇಗ ಕೆಟ್ಟಿತು.

ಇನ್ನು ಸ್ವಿಚ್ಚಿನ ಮಾತು. ರಿಮೋಟಿನಿಂದ ಆರಿಸಿ ರಾತ್ರಿಯಿಡೀ ಕರೆಂಟ್ ಇರಲಿ ಎಂದೆ. ಗುಡುಗು-ಸಿಡಿಲು ಇದ್ದರೆ ಪ್ಲಗ್ಗನ್ನೇ ಕಿತ್ತಿಡಿ, ಒಂದು ದಿನ ತಪ್ಪಿದರೆ ನಷ್ಟವಿಲ್ಲ. ದಿನವೂ ತಪ್ಪಿಸುವುದೇ ಕೆಡುಕು. ಕೆಲವು ತಿಂಗಳ ನಂತರ ಮತ್ತೆ ಕೆಂಪು ಪರದೆಯ ಫೋಟೊ ತೆಗೆದು ಹಳೆಯದರ ಜೊತೆ ಹೋಲಿಸಿದೆ. ಪಟ್ಟಿ ಅಳಿದಿರಲಿಲ್ಲ, ಬೆಳೆದೂ ಇರಲಿಲ್ಲ.

ಬೆಟಗೇರಿಯಲ್ಲಿ ಡಿಟಿಪಿ ಮಾಡುವ ಹುಡುಗರು ಓಎಲ್‌ಇಡಿ ಮಾನಿಟರ್ ಕೊಳ್ಳಲೇ ಎಂದು ಕೇಳುತ್ತಾರೆ. ಟಾಸ್ಕ್‌ಬಾರ್ ಅಡಗಿಸಿ, ಹಿನ್ನೆಲೆ ಕಪ್ಪಾಗಿಸಿ, ಎದ್ದು ಹೋದ ಎರಡೇ ನಿಮಿಷಕ್ಕೆ ಪರದೆ ಆರುವಂತೆ ಇಟ್ಟರೆ ಬಾಳುತ್ತದೆ. ಆದರೂ ಪುಟವಿನ್ಯಾಸದ ಟೂಲ್‌ಬಾರ್ ದಿನವಿಡೀ ಅದೇ ಜಾಗದಲ್ಲಿ ನಿಲ್ಲುವ ಕೆಲಸಕ್ಕೆ ಸಾದಾ ಎಲ್‌ಇಡಿ ಮಾನಿಟರೇ ಮೇಲು. ದಿನವಿಡೀ ಸುದ್ದಿ ಓಡುವ ಮನೆಗೂ ಇದೇ ಮಾತು. ಅಜ್ಜಾರಿಗೆ ಹಳೆಯ ಎಲ್‌ಇಡಿ ಟಿವಿ ಬಿಟ್ಟುಕೊಡಿ, ಓಎಲ್‌ಇಡಿಯನ್ನು ಸಿನಿಮಾಕ್ಕೆ ಇಡಿ. ಕೊಳ್ಳುವ ಮುಂಚೆ ವಾರಂಟಿ ಕಾಗದದಲ್ಲಿ ಪರದೆಯ ಗುರುತಿನ ಬಗ್ಗೆ ಏನು ಬರೆದಿದೆಯೆಂದು ಓದಿಕೊಳ್ಳಿ.