ಹಬ್ಬದ ರಜೆಯ ಪೋಸ್ಟ್ ಬರೆಯಲು ಏಳು ಸೂತ್ರ

ದೀಪಾವಳಿ ಹತ್ತಿರ ಬಂತೆಂದರೆ ಅಂಗಡಿಗಳ ವಾಟ್ಸಾಪ್ ಸ್ಟೇಟಸ್‌ನಲ್ಲಿ ಹಣತೆಯ ಚಿತ್ರ ಬರುತ್ತದೆ. ಅದರ ಕೆಳಗೆ "ಹಬ್ಬದ ಪ್ರಯುಕ್ತ ಮೂರು ದಿನ ರಜೆ, ಗ್ರಾಹಕರು ಸಹಕರಿಸಬೇಕು" ಎಂಬ ಸಾಲು. ಯಾವ ಮೂರು ದಿನ, ಎಷ್ಟು ಹೊತ್ತಿನಿಂದ, ಕೊಟ್ಟ ಆರ್ಡರ್ ಗತಿ ಏನು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಉತ್ತರ ಬೇಕಾದವರು ಫೋನ್ ಮಾಡುತ್ತಾರೆ, ಇಲ್ಲವೇ ಮುಚ್ಚಿದ ಷಟರ್ ನೋಡಿ ಪಕ್ಕದ ಬೀದಿಯ ಅಂಗಡಿಗೆ ಹೋಗುತ್ತಾರೆ.

ಉದಾಹರಣೆಗೆ ದಾವಣಗೆರೆಯಲ್ಲಿ ನೀರಿನ ಪಂಪು ಮಾರುವ, ಸುಟ್ಟ ಮೋಟಾರಿಗೆ ವೈಂಡಿಂಗ್ ಮಾಡಿಕೊಡುವ ಒಂದು ಅಂಗಡಿ ಇದೆ ಎಂದಿಟ್ಟುಕೊಳ್ಳೋಣ. ಬಟ್ಟೆ ಅಂಗಡಿ ಬಿಟ್ಟು ಇದನ್ನೇ ಆರಿಸಲು ಕಾರಣವಿದೆ. ನರಕ ಚತುರ್ದಶಿಯ ಮುನ್ನಾದಿನ ಸಂಜೆ ನೀರು ತುಂಬುವ ಹಬ್ಬ, ಮರುದಿನ ಬೆಳಗಾಗುವ ಮೊದಲೇ ಎಣ್ಣೆಸ್ನಾನ. ಮನೆತುಂಬ ನೆಂಟರಿರುವ ಆ ಸಂಜೆಯೇ ಪಂಪು ಕೈಕೊಟ್ಟರೆ ಆ ಮನೆಯವರಿಗೆ ನಿಮ್ಮ ರಜೆಯ ಪೋಸ್ಟಿನ ಒಂದೊಂದು ಅಕ್ಷರವೂ ಬೇಕಾಗುತ್ತದೆ. ಲೆಕ್ಕಕ್ಕೆ 2025ರ ದೀಪಾವಳಿಯನ್ನು ಇಟ್ಟುಕೊಂಡಿದ್ದೇನೆ.

1. ಹಬ್ಬದ ಹೆಸರಿನಿಂದ ರಜೆ ಹೇಳಬೇಡಿ. ತಾರೀಖು, ವಾರ ಎರಡನ್ನೂ ಬರೆಯಿರಿ.

"ದೀಪಾವಳಿ ದಿನ ರಜೆ" ಎಂದರೆ ಒಬ್ಬರಿಗೆ ಚತುರ್ದಶಿ, ಇನ್ನೊಬ್ಬರಿಗೆ ಅಮಾವಾಸ್ಯೆ, ಮತ್ತೊಬ್ಬರಿಗೆ ಪಾಡ್ಯ. 2025ರಲ್ಲಿ ರಾಜ್ಯ ಸರ್ಕಾರದ ರಜೆ ಇದ್ದದ್ದು ಅಕ್ಟೋಬರ್ 20ರ ಸೋಮವಾರ ನರಕ ಚತುರ್ದಶಿಗೆ ಮತ್ತು 22ರ ಬುಧವಾರ ಬಲಿಪಾಡ್ಯಮಿಗೆ. ನಡುವಿನ ಮಂಗಳವಾರ ಕಚೇರಿಗಳಿಗೆ ಕೆಲಸದ ದಿನ. ಅಮಾವಾಸ್ಯೆಯೋ 20ರ ಮಧ್ಯಾಹ್ನದ ಮೇಲೆ ಹೊಕ್ಕು 21ರ ಸಂಜೆಯವರೆಗೆ ಇತ್ತು. ಹೀಗಾಗಿ ಕೆಲವರು ಲಕ್ಷ್ಮೀಪೂಜೆಯನ್ನು ಸೋಮವಾರ ಸಂಜೆ ಮಾಡಿದರು, ಕೆಲವರು ಮಂಗಳವಾರ. ಪಂಚಾಂಗಗಳೇ ಒಂದು ಮಾತು ಆಡದ ವರ್ಷದಲ್ಲಿ "ಅಮಾವಾಸ್ಯೆಗೆ ರಜೆ" ಎಂದು ಬರೆದರೆ ಓದಿದವರು ತಮ್ಮ ಮನೆಯ ಕ್ಯಾಲೆಂಡರ್ ನೋಡಿಕೊಂಡು ಬರುತ್ತಾರೆ.

ವಾರ ಬರೆಯುವುದು ನಿಮ್ಮ ತಪ್ಪನ್ನು ಹಿಡಿಯಲಿಕ್ಕೂ ಹೌದು. 21 ಎಂದು ಬೆರಳಚ್ಚಿಸಿ ಪಕ್ಕದಲ್ಲಿ ಬುಧವಾರ ಎಂದಿದ್ದರೆ ಯಾರಾದರೂ ಒಬ್ಬರು ತಕ್ಷಣ ಹೇಳುತ್ತಾರೆ. "ನಾಳೆ ರಜೆ" ಎಂದಂತೂ ಬರೆಯಲೇಬಾರದು. ಬಡಾವಣೆಯ ಗುಂಪಿಗೆ ಆ ಚಿತ್ರ ಎರಡು ದಿನ ತಡವಾಗಿ ಫಾರ್ವರ್ಡ್ ಆಗಿ ಬಂದರೆ ನಿಮ್ಮ ತೆರೆದ ಅಂಗಡಿ ಅವರ ಪಾಲಿಗೆ ಮುಚ್ಚಿರುತ್ತದೆ. ಇಸವಿಯನ್ನೂ ಹಾಕಿ: ಹೋದ ವರ್ಷದ ಕಾರ್ಡನ್ನೇ ಈ ವರ್ಷ ಹಂಚುವ ಪುಣ್ಯಾತ್ಮರು ಎಲ್ಲ ಗುಂಪಿನಲ್ಲೂ ಇದ್ದಾರೆ.

2. ಶುಭಾಶಯ ಕೊನೆಗೆ, ಮುಚ್ಚಿರುವ ದಿನ ಮೊದಲಿಗೆ.

ಇನ್‌ಸ್ಟಾಗ್ರಾಂನಲ್ಲಿ ಚಿತ್ರದ ಕೆಳಗಿನ ಬರಹದ ಆರಂಭದ ಒಂದೆರಡು ಸಾಲು ಮಾತ್ರ ಕಾಣುತ್ತದೆ. ಉಳಿದದ್ದು ಒತ್ತಿದರಷ್ಟೇ ತೆರೆದುಕೊಳ್ಳುತ್ತದೆ. ಆ ಎರಡು ಸಾಲನ್ನು "ನಾಡಿನ ಸಮಸ್ತ ಜನತೆಗೆ" ತಿಂದುಬಿಟ್ಟರೆ ತಾರೀಖು ಒಳಗೆ ಉಳಿಯಿತು. ಹಬ್ಬ ಒಳ್ಳೆಯದಾಗಲಿ ಎಂದು ಹಾರೈಸಲು ಕೊನೆಯ ಸಾಲಿನಲ್ಲಿ ಧಾರಾಳ ಜಾಗವಿದೆ.

3. ಅರ್ಧ ದಿನಕ್ಕೆ ಬೇರೆಯೇ ಸಾಲು ಕೊಡಿ.

ಪೂರ್ತಿ ಮುಚ್ಚಿದ ದಿನಕ್ಕಿಂತ ಅರ್ಧ ತೆರೆದ ದಿನವೇ ಹೆಚ್ಚು ಜಗಳ ತರುತ್ತದೆ. ನಮ್ಮ ಅಂಗಡಿಗೆ ಭಾನುವಾರ ವಾರದ ರಜೆ, ಆದರೆ 19ರ ಭಾನುವಾರ ನೀರು ತುಂಬುವ ದಿನವಾದ್ದರಿಂದ ಮಧ್ಯಾಹ್ನದವರೆಗೆ ತೆರೆದಿರುತ್ತದೆ. 21ರ ಮಂಗಳವಾರ ಸಂಜೆ ಅಂಗಡಿಯಲ್ಲೇ ಪೂಜೆ. ಬೆಳಿಗ್ಗೆ ಕೌಂಟರ್ ವ್ಯಾಪಾರ ಮಾತ್ರ. ಪೂಜೆಯ ದಿನ ಉದ್ರಿ ಕೊಡದ ರೂಢಿ ನಿಮ್ಮಲ್ಲಿದ್ದರೆ ಅದನ್ನೂ ಇಲ್ಲೇ ಹೇಳಿಬಿಡಿ. ಖಾತೆ ಇರುವ ಪ್ಲಂಬರ್‌ಗಳು ಬಂದ ಮೇಲೆ ಎದುರೆದುರು ಇಲ್ಲ ಅನ್ನುವುದು ಇಬ್ಬರಿಗೂ ಮುಜುಗರ.

4. ಗಡುವನ್ನು ಹಬ್ಬದ ದಿನದಿಂದ ಹಿಂದಕ್ಕೆ ಎಣಿಸಿ, ಕೆಲಸಕ್ಕೊಂದು ಗಡುವು ಇಡಿ.

"ಆರ್ಡರ್ ಕೊಡಲು ಕೊನೆಯ ದಿನ 18" ಎಂಬ ಒಂದೇ ಸಾಲಿನಲ್ಲಿ ಎಲ್ಲವನ್ನೂ ಮುಗಿಸುವುದು ದೊಡ್ಡ ಎಡವಟ್ಟು. ಈ ಅಂಗಡಿಯಲ್ಲಿ ನಡೆಯುವುದು ಮೂರು ಬೇರೆ ಬೇರೆ ಕೆಲಸ, ಮೂರಕ್ಕೂ ಹಿಡಿಯುವ ಹೊತ್ತು ಬೇರೆ.

ಸುಟ್ಟ ಮೋಟಾರಿನಿಂದ ಶುರುಮಾಡೋಣ. ಹಳೆಯ ಕಾಯಿಲ್ ಕತ್ತರಿಸಿ ಎಳೆಯಬೇಕು, ಸ್ಲಾಟ್ ಸ್ವಚ್ಛ ಮಾಡಿ ಇನ್ಸುಲೇಷನ್ ಪೇಪರ್ ಕೂರಿಸಬೇಕು, ಮೊದಲಿದ್ದಷ್ಟೇ ದಪ್ಪದ ತಾಮ್ರದ ತಂತಿಯನ್ನು ಮೊದಲಿದ್ದಷ್ಟೇ ಸುತ್ತು ಹಾಕಬೇಕು, ಆಮೇಲೆ ವಾರ್ನಿಷ್. ಸುತ್ತುವ ಕೆಲಸವನ್ನು ರಾತ್ರಿ ಕೂತು ಮುಗಿಸಬಹುದು. ಆದರೆ ವಾರ್ನಿಷ್ ನಮ್ಮ ಅವಸರಕ್ಕೆ ಒಣಗುವುದಿಲ್ಲ. ಅಕ್ಟೋಬರಿನಲ್ಲಿ ಮಳೆ ಹಿಡಿದರಂತೂ ಇನ್ನೂ ತಡ. ಅರೆಬರೆ ಒಣಗಿದ್ದನ್ನು ಕೊಟ್ಟುಬಿಟ್ಟರೆ ತೇವಕ್ಕೆ ಇನ್ಸುಲೇಷನ್ ಸೋತು ಮೋಟಾರು ಮತ್ತೆ ಸುಡುತ್ತದೆ, ಅದೂ ಹಬ್ಬದ ಬೆಳಿಗ್ಗೆಯೇ. ಆದ್ದರಿಂದ ಲೆಕ್ಕ ಹೀಗೆ: 19ರ ಮಧ್ಯಾಹ್ನ ಗಿರಾಕಿ ಒಯ್ಯಬೇಕು, 18 ಒಣಗಲು ಮತ್ತು ಓಡಿಸಿ ನೋಡಲು, 17 ಸುತ್ತಲು. ಅಂದರೆ ಮೋಟಾರು 16ರ ಗುರುವಾರ ಸಂಜೆಯೊಳಗೆ ಅಂಗಡಿಗೆ ಬಂದಿರಬೇಕು. ಬೆಂಚಿನ ಮೇಲೆ ಎಷ್ಟು ಮೋಟಾರು ಹಿಡಿಯುತ್ತದೋ ಅಷ್ಟಾದ ಕೂಡಲೇ ಗಡುವಿಗೆ ಮುಂಚೆಯೇ ಬಾಗಿಲು ಹಾಕುವ ಹಕ್ಕೂ ನಿಮಗಿರಲಿ. "ಮೊದಲು ಬಂದವರಿಗೆ" ಎಂಬ ಎರಡು ಪದ ಸೇರಿಸಿ.

ಗೋದಾಮಿನಲ್ಲಿರುವ ಹೊಸ ಪಂಪಿಗೆ ಇಷ್ಟು ರಾಮಾಯಣವಿಲ್ಲ. 18ರ ಶನಿವಾರ ಮಧ್ಯಾಹ್ನ 12ರೊಳಗೆ ಹೇಳಿದರೆ ಅಂದೇ ಸಂಜೆ ಮನೆಗೆ ತಲುಪಿಸಬಹುದು. ಇಲ್ಲಿ ಸ್ಪಷ್ಟ ಮಾಡಬೇಕಾದ್ದು ಒಂದೇ: ತಲುಪಿಸುವುದು ಬೇರೆ, ಜೋಡಿಸುವುದು ಬೇರೆ. ಫಿಟ್ಟರ್ ಊರಿಗೆ ಹೊರಡುವ ದಿನ ಯಾವುದೆಂದು ಮೊದಲು ಅವನನ್ನೇ ಕೇಳಿ, ಆಮೇಲೆ ಬರೆಯಿರಿ.

ಹೊರಗಿನಿಂದ ತರಿಸುವ ಮಾಲಿನದು ಬೇರೆಯೇ ಕತೆ. ನಮ್ಮ ಅಂಗಡಿಗಳ ಪಂಪುಗಳಲ್ಲಿ ಬಹಳಷ್ಟು ಬರುವುದು ಕೊಯಮತ್ತೂರಿನಿಂದ. ತಮಿಳುನಾಡಿನಲ್ಲಿ ದೀಪಾವಳಿಯೆಂದರೆ ಮುಖ್ಯವಾಗಿ ಚತುರ್ದಶಿಯ ದಿನವೇ. ಅಲ್ಲಿನ ಕಾರ್ಖಾನೆಯವರು, ಲಾರಿಯವರು ಆ ಹೊತ್ತಿಗೆ ತಮ್ಮ ಮನೆ ಸೇರಿರುತ್ತಾರೆ. ಹಾಗಾಗಿ ಹಬ್ಬದ ವಾರದಲ್ಲಿ ಕೇಳಿದ ಬಿಡಿಭಾಗಕ್ಕೆ ತಾರೀಖು ಕೊಡಬೇಡಿ. "ತರಿಸಿಕೊಡುವ ಮಾಲು ಹಬ್ಬದ ನಂತರವೇ" ಎಂದರೆ ಸಾಕು. ಯಾರೂ ಬೈಯುವುದಿಲ್ಲ. ಬೈಯುವುದು ಕೊಟ್ಟ ತಾರೀಖು ತಪ್ಪಿದಾಗ.

5. ತುರ್ತು ಎಂದರೆ ಏನೆಂದು ನೀವೇ ಬರೆಯಿರಿ, ಇಲ್ಲವಾದರೆ ಅವರು ಬರೆಯುತ್ತಾರೆ.

ಬರೀ ಒಂದು ನಂಬರ್ ಹಾಕಿ "ತುರ್ತಿಗೆ ಕರೆ ಮಾಡಿ" ಅಂದರೆ ಹಬ್ಬದ ದಿನ ಬರುವ ಕರೆಗಳಲ್ಲಿ "ಒಂದೂವರೆ ಎಚ್‌ಪಿಗೆ ರೇಟ್ ಎಷ್ಟು" ಎಂಬವೇ ಜಾಸ್ತಿ. ಜಾತ್ರೆಗೆ ಬಂದವರ ಹಾಗೆ ಎಲ್ಲರೂ ನುಗ್ಗಿದಾಗ ನಿಜವಾಗಿ ನೀರಿಲ್ಲದವರ ಕರೆ ಸಾಲಿನ ಕೊನೆಗೆ ಬೀಳುತ್ತದೆ. ಆದ್ದರಿಂದ ಗೆರೆ ಎಳೆಯಿರಿ: ಕುಡಿಯುವ, ಬಳಸುವ ನೀರು ಪೂರ್ತಿ ನಿಂತಿರುವ ಮನೆ, ವಠಾರ, ನರ್ಸಿಂಗ್ ಹೋಮ್, ಹೈನಿನ ಕೊಟ್ಟಿಗೆ. ವೇಳೆ ಬೆಳಿಗ್ಗೆ 8ರಿಂದ ಸಂಜೆ 6. ಊರೊಳಗೆ ಮಾತ್ರ. ಕರೆ ಮಾತ್ರ, ಮೆಸೇಜ್ ಬೇಡ. ಹಬ್ಬದ ದಿನ ಶುಭಾಶಯಗಳ ರಾಶಿಯ ಅಡಿಯಲ್ಲಿ ಅದು ಯಾರಿಗೂ ಕಾಣುವುದಿಲ್ಲ. ಹಬ್ಬದ ದಿನದ ಭೇಟಿಗೆ ಹೆಚ್ಚು ದುಡ್ಡು ತೆಗೆದುಕೊಳ್ಳುವುದಾದರೆ ಮೊತ್ತವನ್ನು ಮೊದಲೇ ಹಾಕಿ.

ಕರೆ ಎತ್ತುವವರು ಮೊದಲು ಕೇಳಬೇಕಾದ್ದು ಎರಡು ಮೂರು ಪ್ರಶ್ನೆ. ಕರೆಂಟ್ ಇದೆಯೇ, ಎಂಸಿಬಿ ಕೆಳಗೆ ಬಿದ್ದಿದೆಯೇ, ಸಂಪಿನಲ್ಲಿ ನೀರಿದೆಯೇ? ಮೋಟಾರು ಗುಂಯ್ ಎನ್ನುತ್ತಿದೆ, ತಿರುಗುತ್ತಿಲ್ಲ ಎಂದರೆ ಸಾಮಾನ್ಯವಾಗಿ ಕೆಪಾಸಿಟರ್ ಹೋಗಿರುತ್ತದೆ ಅಥವಾ ಒಳಗೆ ಸಿಕ್ಕಿಕೊಂಡಿರುತ್ತದೆ. ಸ್ವಿಚ್ ಆರಿಸಿಡಲು ಹೇಳಿ, ಹಾಗೇ ಬಿಟ್ಟರೆ ವೈಂಡಿಂಗ್ ಸುಡುತ್ತದೆ. ಮೋಟಾರು ಚೆನ್ನಾಗಿ ತಿರುಗಿಯೂ ನೀರು ಬಾರದಿದ್ದರೆ ಗಾಳಿ ಹಿಡಿದಿರಬಹುದು ಅಥವಾ ಫುಟ್‌ವಾಲ್ವ್ ಸೋರುತ್ತಿರಬಹುದು. ಪಂಪಿಗೆ ನೀರು ತುಂಬಿ ನೋಡಲು ಫೋನಿನಲ್ಲೇ ಹೇಳಬಹುದು. ಸ್ಟಾರ್ಟರ್ ಮತ್ತೆ ಮತ್ತೆ ಟ್ರಿಪ್ ಆಗುತ್ತಿದ್ದರೆ ಗುಂಡಿ ಒತ್ತುತ್ತಲೇ ಇರಬಾರದು. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಫೋನ್ ಹಿಡಿದವರ ಜೇಬಿಗಿಡಿ. ಬೇಕಾಗುವ ಕೆಪಾಸಿಟರ್‌ಗಳನ್ನು ಅವರು 19ರಂದೇ ಮನೆಗೆ ಒಯ್ದಿರಲಿ.

ನಿಮ್ಮ ಕೈಮೀರಿದ್ದಕ್ಕೆ ನಿಮ್ಮ ನಂಬರಿಗೆ ಕರೆ ಮಾಡಬೇಡಿ ಎಂದು ಹೇಳುವುದೂ ಇದರಲ್ಲೇ ಸೇರಿದೆ. ತಂತಿ ಹರಿದು ಬಿದ್ದಿದ್ದರೆ, ಬೀದಿಗೇ ಕರೆಂಟ್ ಇಲ್ಲದಿದ್ದರೆ 1912. ಯಾರಿಗಾದರೂ ಶಾಕ್ ಹೊಡೆದಿದ್ದರೆ ಮೇನ್ ಸ್ವಿಚ್ ಆರಿಸಿ 108 ಅಥವಾ 112.

6. ಒಂದೇ ನಂಬರ್ ಕೊಡಿ, ಅದು ಅಂಗಡಿಯದೇ ಆಗಿರಲಿ.

ಹುಡುಗನ ಸ್ವಂತ ನಂಬರ್ ಹಾಕಿದರೆ ಅವನು ಕೆಲಸ ಬಿಟ್ಟ ಮೇಲೂ ಆ ಚಿತ್ರ ಓಡಾಡುತ್ತಿರುತ್ತದೆ. ಅಂಗಡಿ ನಂಬರಿಗೆ ಬಂದ ಕರೆಯನ್ನು ಆ ದಿನದ ಪಾಳಿಯವರಿಗೆ ಫಾರ್ವರ್ಡ್ ಮಾಡಿ, ಮುಚ್ಚುವ ಮೊದಲು ಬೇರೆ ಫೋನಿನಿಂದ ಒಮ್ಮೆ ಕರೆ ಮಾಡಿ ನೋಡಿ. ನಂಬರನ್ನು ಚಿತ್ರದೊಳಗೆ ಮಾತ್ರವಲ್ಲ, ಬರಹದಲ್ಲೂ ಹಾಕಿ. ವಾಟ್ಸಾಪ್‌ನಲ್ಲಿ ಬರಹದಲ್ಲಿರುವ ನಂಬರನ್ನು ಒತ್ತಿದರೆ ನೇರ ಕರೆ ಹೋಗುತ್ತದೆ, ಚಿತ್ರದಲ್ಲಿರುವುದನ್ನು ಕಾಗದದಲ್ಲಿ ಬರೆದುಕೊಳ್ಳಬೇಕು. ಎಲ್ಲ ಸೇರಿ ಪೋಸ್ಟ್ ಹೀಗಾಯಿತು:

> ದೀಪಾವಳಿ 2025: ಅ. 20 ಸೋಮವಾರ ಮತ್ತು ಅ. 22 ಬುಧವಾರ ಅಂಗಡಿ ಮುಚ್ಚಿರುತ್ತದೆ.
> ಅ. 19 ಭಾನುವಾರ: ಬೆಳಿಗ್ಗೆ 9ರಿಂದ ಮಧ್ಯಾಹ್ನ 2.
> ಅ. 21 ಮಂಗಳವಾರ: ಬೆಳಿಗ್ಗೆ 10ರಿಂದ 1, ಕೌಂಟರ್ ವ್ಯಾಪಾರ ಮಾತ್ರ, ನಗದು ಅಥವಾ ಯುಪಿಐ.
> ಅ. 23 ಗುರುವಾರದಿಂದ ಎಂದಿನಂತೆ.
> ವೈಂಡಿಂಗ್‌ಗೆ ಮೋಟಾರು ತರಲು ಕೊನೆ: ಅ. 16 ಗುರುವಾರ ಸಂಜೆ 5, ಮೊದಲು ಬಂದವರಿಗೆ.
> ಹೊಸ ಪಂಪು ಮನೆಗೆ ತಲುಪಿಸಲು ಆರ್ಡರ್: ಅ. 18 ಶನಿವಾರ ಮಧ್ಯಾಹ್ನ 12ರೊಳಗೆ. ಜೋಡಣೆ ಬೇಕಿದ್ದರೆ ಅ. 17 ಶುಕ್ರವಾರದೊಳಗೆ ತಿಳಿಸಿ.
> ತರಿಸಿಕೊಡುವ ಮಾಲು ಹಬ್ಬದ ನಂತರವೇ.
> ನೀರು ಪೂರ್ತಿ ನಿಂತಿದ್ದರೆ (ಊರೊಳಗೆ, ಬೆಳಿಗ್ಗೆ 8ರಿಂದ ಸಂಜೆ 6): ಅಂಗಡಿ ನಂಬರಿಗೆ ಕರೆ ಮಾಡಿ. ಹಬ್ಬದ ದಿನದ ಭೇಟಿಗೆ ₹500.
> ವಿದ್ಯುತ್ ತೊಂದರೆಗೆ 1912. ಹಬ್ಬದ ಶುಭಾಶಯಗಳು.

"ಅಂಗಡಿ ನಂಬರ್" ಎಂದಿರುವ ಕಡೆ ನಿಮ್ಮ ಹತ್ತು ಅಂಕಿ ಬರಲಿ.

7. ಮೂರು ಸಲ ಹಾಕಿ, ಆಮೇಲೆ ತೆಗೆಯಿರಿ.

ವೈಂಡಿಂಗ್ ಗಡುವು 16ಕ್ಕೆ ಇರುವಾಗ ಪೋಸ್ಟ್ 18ಕ್ಕೆ ಬಂದರೆ ಏನು ಫಲ? ಮೊದಲನೆಯದು 10ರ ಸುಮಾರಿಗೆ, ಎರಡನೆಯದು ಗಡುವಿನ ಹಿಂದಿನ ದಿನ, ಮೂರನೆಯದು 19ರ ಬೆಳಿಗ್ಗೆ. ಮೂರನೆಯದರಲ್ಲಿ ಮುಗಿದುಹೋದ ಗಡುವುಗಳನ್ನು ಅಳಿಸಿ. ಆ ಹೊತ್ತಿಗೆ ಬೇಕಾದ್ದು ಸಮಯ ಮತ್ತು ತುರ್ತು ನಂಬರ್ ಮಾತ್ರ. ಸ್ಟೇಟಸ್ 24 ಗಂಟೆಗೆ ಮಾಯವಾಗುವುದರಿಂದ ಹಬ್ಬದ ಎಲ್ಲ ದಿನವೂ ಬೆಳಿಗ್ಗೆ ಮತ್ತೆ ಹಾಕಬೇಕು.

ಗೂಗಲ್ ಮ್ಯಾಪ್‌ನಲ್ಲಿ ಅಂಗಡಿಯ ವಿಶೇಷ ವೇಳೆಯನ್ನು ತಾರೀಖುವಾರು ತುಂಬಲು ಜಾಗವಿದೆ. ಹೊರ ಊರಿನಿಂದ ಬರುವವರು ನೋಡುವುದು ಅದನ್ನೇ, ನಿಮ್ಮ ಸ್ಟೇಟಸ್ ಅಲ್ಲ. ವಾಟ್ಸಾಪ್ ಬಿಸಿನೆಸ್‌ನಲ್ಲಿ ಅಂಗಡಿಯಲ್ಲಿ ಇಲ್ಲದಾಗ ತಾನಾಗಿ ಹೋಗುವ ಉತ್ತರವನ್ನು ಇಂತಿಷ್ಟು ಹೊತ್ತಿನಿಂದ ಇಂತಿಷ್ಟು ಹೊತ್ತಿನವರೆಗೆ ಎಂದು ಹೊಂದಿಸಬಹುದು. ಮೆಸೇಜ್ ಕಳಿಸಿದವರಿಗೆ ಕರೆ ಮಾಡಬೇಕಾದ ನಂಬರ್ ಆಗಲೇ ಸಿಗುತ್ತದೆ. ಷಟರ್ ಮೇಲೆ ಕಾಗದ ಅಂಟಿಸುವುದನ್ನೂ ಬಿಡಬೇಡಿ. ಹಳ್ಳಿಯಿಂದ ಮೋಟಾರು ಹೊತ್ತು ಬಸ್ಸಿಳಿದ ರೈತರಿಗೆ ಕಾಣುವುದು ಅದೊಂದೇ. ಅಕ್ಷರ ದೊಡ್ಡದಿರಲಿ, ಮಳೆ ತಾಗದಂತೆ ಪ್ಲಾಸ್ಟಿಕ್ ಹೊದಿಸಿ. 23ರ ಬೆಳಿಗ್ಗೆ ಷಟರ್ ಎತ್ತುವಾಗಲೇ ಆ ಕಾಗದ ಕಿತ್ತುಹಾಕಿ, ಕರೆ ಫಾರ್ವರ್ಡ್ ಆಗುವುದನ್ನು ನಿಲ್ಲಿಸಿ. ಪಾಳಿ ಮುಗಿಸಿದ ಹುಡುಗ ಇನ್ನೂ ಹೋಳಿಗೆ ಕರಗಿಸುತ್ತ ಮಲಗಿರುತ್ತಾನೆ.