ಶಿಲಾ ಸಾಕೆಟ್: ಪಾಯಿಂಟ್ ಲೋಡ್ ಅಂಕಿಯನ್ನು ಎಷ್ಟು ನಂಬಬೇಕು?

ರೋಣ, ನರಗುಂದದ ಬಯಲಲ್ಲಿ ಎರೆಮಣ್ಣು. ಗಜೇಂದ್ರಗಡದ ಗುಡ್ಡಗಳಲ್ಲಿ ಪದರ ಪದರವಾದ ಮರಳುಗಲ್ಲು. ಪೈಲ್ ತುದಿಯನ್ನು ಬಂಡೆಯೊಳಗೆ ಕೂರಿಸುವ ಭಾಗವೇ ಸಾಕೆಟ್. ಅದರ ವಿನ್ಯಾಸಕ್ಕೆ ಕೋರ್‌ನ ಏಕಾಕ್ಷ ಸಂಪೀಡನ ಬಲ (ಐಎಸ್ 9143) ಬೇಕು. ಆದರೆ ಕೋರ್ ತುಂಡುತುಂಡಾಗಿ ಬಂದರೆ ಆ ಪರೀಕ್ಷೆಗೆ ಬೇಕಾದ ಉದ್ದವೇ ಸಿಗುವುದಿಲ್ಲ. ಆಗ ಪಾಯಿಂಟ್ ಲೋಡ್ (ಐಎಸ್ 8764).

ಲೆಕ್ಕ ನೋಡಿ. ಉದಾಹರಣೆಗೆ, 54 ಮಿ.ಮೀ. ಕೋರ್ ಅಡ್ಡಲಾಗಿ 5.8 ಕಿಲೋನ್ಯೂಟನ್‌ಗೆ ಒಡೆಯಿತು ಎನ್ನೋಣ:

Is = 5800/54² = 1.99 MPa
Is(50) = 1.99 × (54/50)^0.45 ≈ 2.06 MPa

ಇದನ್ನು 22ರಿಂದ ಗುಣಿಸಿದರೆ ಸುಮಾರು 45 MPa. ಸಾಮಾನ್ಯವಾಗಿ ಬಳಸುವ ಗುಣಕ 22–24. ಆದರೆ ಅದು ಸರಾಸರಿ ಮಾತ್ರ. ಮೆದುಗಲ್ಲಿಗೆ ಗುಣಕ ಇನ್ನೂ ಕಡಿಮೆ ಇರಬಹುದು. ಅದೇ ಬಂಡೆಯ ಸಾಕಷ್ಟು ಉದ್ದದ ಕೆಲವು ತುಂಡುಗಳನ್ನು ಎರಡೂ ವಿಧದಲ್ಲಿ ಪರೀಕ್ಷಿಸಿ ಗುಣಕ ಕಂಡುಕೊಳ್ಳುವುದೇ ಸರಿ.

ಮರಳುಗಲ್ಲಿನಲ್ಲಿ ಇನ್ನೊಂದು ತೊಡಕು. ಪದರ ಅಡ್ಡಲಾಗಿದ್ದರೆ, ಅಡ್ಡ ಒತ್ತಿದ ಕೋರ್ ಪದರದ ಗುಂಟ ಸೀಳಿ ಅಂಕಿ ತಗ್ಗುತ್ತದೆ. ಆಗ ಅಕ್ಷದ ದಿಕ್ಕಿನಲ್ಲೂ ಒತ್ತಿ ನೋಡಬೇಕು. ಬಿರುಕು ಎರಡೂ ಮೊನೆಗಳ ಮೂಲಕ ಹಾಯದಿದ್ದರೆ ಆ ಫಲಿತಾಂಶ ಅಸಿಂಧು. ನೀರು ಕುಡಿದ ಮರಳುಗಲ್ಲಿನ ಬಲವೂ ಇಳಿಯುತ್ತದೆ.

ಐಆರ್‌ಸಿ 78ರಲ್ಲಿ ಸಾಕೆಟ್‌ನ ಪಾರ್ಶ್ವ ಘರ್ಷಣೆ 0.225√qc. ಗುಣಕ 22ರ ಬದಲು 15 ಆದರೆ qc 45ರಿಂದ 31ಕ್ಕೆ, ಅಂದರೆ ಸುಮಾರು ಮೂರನೇ ಒಂದು ಭಾಗದಷ್ಟು ಕುಸಿಯುತ್ತದೆ. ಘರ್ಷಣೆ ಮಾತ್ರ 1.51ರಿಂದ 1.25 MPaಗೆ. ತುದಿಯ ಧಾರಣೆ qcಗೆ ನೇರ ಅನುಪಾತದಲ್ಲಿರುವುದರಿಂದ ಪೂರ್ತಿ ಪೆಟ್ಟು ತಿನ್ನುವುದು ಅದೇ.