ಆಲೂಗೆಡ್ಡೆ ವೆಬಿನಾರ್‌ಗೆ ರೈತರನ್ನು ಕರೆಯುವ ಸೂತ್ರಗಳು

ಹಾಸನ ಸೀಮೆಯಲ್ಲಿ ಮೇ, ಜೂನ್ ಎಂದರೆ ಆಲೂಗೆಡ್ಡೆ ನಾಟಿ. ಅದರ ಬೆನ್ನಿಗೇ ಅಂಗಮಾರಿ ರೋಗದ ಭಯ. ತಜ್ಞರನ್ನು ಕೂರಿಸಿ ಒಂದು ವೆಬಿನಾರ್ ಮಾಡೋಣ ಎಂದು ಹೊರಡುವ ರೈತ ಸಂಘಗಳಿಗಾಗಿ ಈ ಮಾತು. ಕಾರ್ಯಕ್ರಮ ಗೆಲ್ಲುವುದೂ ಸೋಲುವುದೂ ಮುಕ್ಕಾಲು ಪಾಲು ಆಹ್ವಾನದ ವಾಟ್ಸಾಪ್ ಸಂದೇಶದಲ್ಲೇ ತೀರ್ಮಾನವಾಗುತ್ತದೆ.

1. ನೋಂದಣಿಯ ಲಿಂಕ್ ಬೇರೆ, ಸೇರುವ ಲಿಂಕ್ ಬೇರೆ ಎಂದು ಸಂದೇಶದಲ್ಲೇ ಹೇಳಿ. ಜೂಮ್‌ನಲ್ಲಿ ನೋಂದಣಿ ಮಾಡಿದವರಿಗೆ ಅವರವರ ಹೆಸರಿಗೇ ಒಂದು ಲಿಂಕ್ ಇಮೇಲ್‌ಗೆ ಬರುತ್ತದೆ. ನಮ್ಮವರು ಅದನ್ನೇ ಗ್ರೂಪಿಗೆ ಹಾಕಿಬಿಡುತ್ತಾರೆ. ಆಮೇಲೆ ಯಾರು ಯಾರ ಹೆಸರಲ್ಲಿ ಬಂದಿದ್ದಾರೋ ತಿಳಿಯುವುದಿಲ್ಲ. “ಪಕ್ಕದ ಮನೆಯವರಿಗೆ ಕಳಿಸುವುದಾದರೆ ನೋಂದಣಿಯ ಲಿಂಕ್ ಕಳಿಸಿ” ಎಂಬ ಒಂದು ಸಾಲು ಸಾಕು. ಇಮೇಲ್ ತೆರೆಯದವರೇ ಹೆಚ್ಚಿದ್ದರೆ ನೋಂದಣಿಯ ಗೊಡವೆಯೇ ಬೇಡ; ಗೂಗಲ್ ಫಾರ್ಮ್‌ನಲ್ಲಿ ಹೆಸರು, ಊರು, ಫೋನ್ ನಂಬರ್ ತೆಗೆದುಕೊಂಡು ಎಲ್ಲರಿಗೂ ಒಂದೇ ಲಿಂಕ್ ವಾಟ್ಸಾಪ್ ಮಾಡಿ.

2. ಡೇರಿಗೆ ಹಾಲು ಹಾಕುವ ಹೊತ್ತಿಗೆ ವೆಬಿನಾರ್ ಇಡಬೇಡಿ. ರಾತ್ರಿ ಏಳೂವರೆ ಒಳ್ಳೆಯ ಹೊತ್ತು. ನೆನಪಿಸುವುದು ಎರಡು ಸಲ: ಹಿಂದಿನ ಸಂಜೆ ಒಮ್ಮೆ, ಶುರುವಾಗುವ ಒಂದು ಗಂಟೆ ಮುಂಚೆ ಒಮ್ಮೆ. ಎರಡರಲ್ಲೂ ಲಿಂಕ್ ಇರಲಿ. ಗ್ರೂಪಿನಲ್ಲಿ ಮೇಲಕ್ಕೆ ಹೋಗಿ ಹಳೇ ಸಂದೇಶ ಹುಡುಕುವವರು ಯಾರೂ ಇಲ್ಲ.

3. ಪ್ರಶ್ನೆಯನ್ನು ಮೊದಲೇ ತರಿಸಿಕೊಳ್ಳಿ, ಆದರೆ ಏನೇನು ಬರೆಯಬೇಕೆಂದು ಹೇಳಿ ತರಿಸಿಕೊಳ್ಳಿ. ಸುಮ್ಮನೆ “ಪ್ರಶ್ನೆ ಕಳಿಸಿ” ಎಂದರೆ “ಗಿಡ ಸುಟ್ಟಂಗಾಗಿದೆ, ಏನ್ ಹೊಡೀಬೇಕು ಸಾರ್?” ಎಂದು ಬರುತ್ತದೆ. ಇದಕ್ಕೆ ಯಾವ ವಿಜ್ಞಾನಿಯೂ ಉತ್ತರ ಕೊಡಲಾರರು. ಅದೇ ರೈತರ ಪ್ರಶ್ನೆ ಹೀಗಿದ್ದರೆ ನೋಡಿ: “ಅರಕಲಗೂಡು ತಾಲ್ಲೂಕು, ಕೊಣನೂರು ಹೋಬಳಿ. ಕುಫ್ರಿ ಜ್ಯೋತಿ. ನಾಟಿ ಮಾಡಿ 40 ದಿನ. ಮೂರು ದಿನದಿಂದ ಮೋಡ, ಜಡಿಮಳೆ. ಎಲೆಯಂಚಲ್ಲಿ ಕಂದು ಮಚ್ಚೆ. ಮ್ಯಾಂಕೋಜೆಬ್ ಹೊಡೆದು 8 ದಿನ ಆಯ್ತು.” ಇದರಲ್ಲಿ ಅರ್ಧ ಉತ್ತರವೇ ಇದೆ. ಮ್ಯಾಂಕೋಜೆಬ್ ಎಲೆಯ ಮೇಲೆ ಕೂತು ಕಾಯುವ ಔಷಧಿ. ಮಳೆಗೆ ತೊಳೆದು ಹೋಗುತ್ತದೆ, ಒಳಗೆ ಹೊಕ್ಕ ರೋಗವನ್ನು ಹಿಡಿಯುವುದಿಲ್ಲ. ಹಾಗಾಗಿ ಮುಂದೆ ಏನು ಹೊಡೆಯಬೇಕೆನ್ನುವುದು ಹಿಂದೆ ಏನು, ಯಾವಾಗ ಹೊಡೆದಿರಿ ಎಂಬುದರ ಮೇಲೆ ನಿಂತಿದೆ.

ಫೋಟೊ ಎರಡು ಕೇಳಿ: ಎಲೆಯ ಮೇಲ್ಭಾಗದ್ದು, ಕೆಳಭಾಗದ್ದು. ಬೆಳಿಗ್ಗೆ ಇಬ್ಬನಿ ಆರುವ ಮುಂಚೆ ತೆಗೆಯಬೇಕು. ಅಂಗಮಾರಿಯಾದರೆ ಎಲೆಯಡಿ, ಮಚ್ಚೆಯ ಅಂಚಿನುದ್ದಕ್ಕೂ ಬೂದಿ ಉದುರಿಸಿದ ಹಾಗೆ ಬಿಳಿ ಬೂಷ್ಟು ಕಾಣುತ್ತದೆ. ಬಿಸಿಲೇರಿದರೆ ಅದು ಕಣ್ಣಿಗೆ ಬೀಳುವುದು ಕಷ್ಟ. ಮಚ್ಚೆಯೊಳಗೆ ಸುತ್ತುಸುತ್ತಾಗಿ ಉಂಗುರಗಳಿದ್ದರೆ ಅದು ಎಲೆಚುಕ್ಕೆ ಇರಬಹುದು, ಅದರ ದಾರಿ ಬೇರೆ. ಫೋಟೊ ಮಸುಕಾಗಿದ್ದರೆ ಮತ್ತೊಂದು ಕೇಳಲು ಸಮಯ ಬೇಕಲ್ಲ. ಅದಕ್ಕೇ ಗಡುವು ಎರಡು ದಿನ ಮುಂಚೆ ಇಡಿ. ಬಂದ ಪ್ರಶ್ನೆಗಳನ್ನು ತಾಲ್ಲೂಕುವಾರು ಜೋಡಿಸಿ ತಜ್ಞರಿಗೆ ಕೊಡಿ. ಮಳೆ ಹೆಚ್ಚು ಬೀಳುವ ಅರಕಲಗೂಡಿಗೂ ಒಣಹವೆಯ ಚನ್ನರಾಯಪಟ್ಟಣಕ್ಕೂ ಒಂದೇ ಸಲಹೆ ಹೊಂದುವುದಿಲ್ಲ.

4. ರೆಕಾರ್ಡಿಂಗ್ ವಿಷಯ ಮುಚ್ಚಿಡಬೇಡಿ. ಸೇರಿದ ಕೂಡಲೇ “Recording in progress” ಎಂದು ಇಂಗ್ಲಿಷಿನಲ್ಲಿ ದನಿ ಕೇಳಿದರೆ ಕೆಲವರು ಗಾಬರಿಯಾಗಿ ಹೊರಬರುತ್ತಾರೆ. ಏನು ರೆಕಾರ್ಡ್ ಆಗುತ್ತದೆ, ಯಾರು ನೋಡಬಹುದು, ಎಷ್ಟು ದಿನ ಇಡುತ್ತೀರಿ ಎಂಬ ಮೂರನ್ನೂ ಆಹ್ವಾನದಲ್ಲೇ ಕನ್ನಡದಲ್ಲಿ ಬರೆಯಿರಿ. ಔಷಧಿ ಅಂಗಡಿಯ ಹೆಸರು, ಸಾಲದ ವಿಷಯ ಜನ ರೆಕಾರ್ಡಿಂಗ್‌ನಲ್ಲಿ ಹೇಳಲಾರರು; ಕೊನೆಯ ಹತ್ತು ನಿಮಿಷ ರೆಕಾರ್ಡಿಂಗ್ ನಿಲ್ಲಿಸಿ ಮಾತಾಡಿದರೆ ನಿಜವಾದ ಪ್ರಶ್ನೆಗಳು ಬರುತ್ತವೆ. ವಿಡಿಯೊ ಹಂಚುವಾಗ ಅದರ ಮೇಲೆಯೇ ದಿನಾಂಕ ಕಾಣಬೇಕು. ಇಲ್ಲದಿದ್ದರೆ ಈ ವರ್ಷದ ಸಲಹೆ ಮುಂದಿನ ವರ್ಷ ಗ್ರೂಪುಗಳಲ್ಲಿ ಹೊಸದಾಗಿ ಓಡಾಡುತ್ತದೆ.

5. ಇಡೀ ಸಂದೇಶ ಫೋನಿನ ಒಂದು ಪರದೆಯಲ್ಲಿ ಹಿಡಿಯಲಿ. ಮಾದರಿ ಇಲ್ಲಿದೆ, ನಿಮ್ಮ ದಿನಾಂಕ ಹಾಕಿಕೊಳ್ಳಿ:

“ಆಲೂಗೆಡ್ಡೆ ಅಂಗಮಾರಿ: ತಜ್ಞರೊಡನೆ ಮಾತು. ಜೂನ್ 18, ಗುರುವಾರ, ರಾತ್ರಿ 7.30ರಿಂದ 8.30. ಇನ್ನೂ ಹೆಸರು ನೋಂದಾಯಿಸದವರು 17ರ ಸಂಜೆಯೊಳಗೆ ಈ ಲಿಂಕ್‌ನಲ್ಲಿ ನೋಂದಾಯಿಸಿ. ಸೇರುವ ಲಿಂಕ್ ಬೇರೆ, ಅದು ನಿಮ್ಮ ಇಮೇಲ್‌ಗೆ ಬರುತ್ತದೆ. ಅದರಿಂದ 7.20ಕ್ಕೆ ಸೇರಿ, ಹೆಸರಿನ ಜೊತೆ ಊರನ್ನೂ ಹಾಕಿ. ದನಿ ಕೇಳದಿದ್ದರೆ ಪರದೆಯ ಕೆಳಗಿನ Join Audio ಒತ್ತಿ. ಪ್ರಶ್ನೆ, ಎರಡು ಫೋಟೊ, ತಳಿ, ನಾಟಿ ದಿನ, ಹೊಡೆದ ಔಷಧಿ: 16ರ ಸಂಜೆ 6ರೊಳಗೆ ಈ ನಂಬರಿಗೆ. 8.20ರವರೆಗೆ ರೆಕಾರ್ಡ್ ಆಗುತ್ತದೆ. ವಿಡಿಯೊ ನಮ್ಮ ಗ್ರೂಪಿಗೆ ಮಾತ್ರ, ಬೆಳೆ ಮುಗಿದ ಮೇಲೆ ಅಳಿಸುತ್ತೇವೆ.”

6. ಹೊಳೆನರಸೀಪುರದ ಕಡೆಯ ಹಳ್ಳಿಯೊಂದರಲ್ಲಿ ಸಿಗ್ನಲ್ ಸಿಗದಿದ್ದರೆ ನಾಲ್ಕು ಜನ ಒಂದು ಫೋನಿನ ಮುಂದೆ ಕೂತು ನೋಡಲಿ. ಅದೂ ಆಗದವರು ರೋಗದ ಎಲೆಯನ್ನು ಕಾಗದದಲ್ಲಿ ಸುತ್ತಿಕೊಂಡು ಕಂದಲಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ತೋರಿಸಬಹುದು. ಪ್ಲಾಸ್ಟಿಕ್ ಕವರ್‌ನಲ್ಲಿ ಬೇಡ, ದಾರಿಯಲ್ಲೇ ಕೊಳೆತು ರೋಗದ ಗುರುತು ಸಿಗುವುದಿಲ್ಲ.